ಬಾಯಿಯ ಟ್ಯೂಬೇ ಇರಲೇ, ಕುತ್ತಿಗೆಗೆ ಹಾಕಿಸಲೇ? ವೆಂಟಿಲೇಟರಿನ ದಿನಗಳು ಉದ್ದವಾದಾಗ

ವೆಂಟಿಲೇಟರಿಗೆ ಹಾಕಿ ಒಂದು ವಾರ ದಾಟಿತೆಂದರೆ ಐಸಿಯು ಬಾಗಿಲಲ್ಲಿ ಕೂತ ಮನೆಯವರ ಕೈಗೆ ಇನ್ನೊಂದು ಒಪ್ಪಿಗೆ ಪತ್ರ ಬರುತ್ತದೆ. ಟ್ರಕಿಯಾಸ್ಟಮಿ, ಅಂದರೆ ಕುತ್ತಿಗೆಯಲ್ಲಿ ರಂಧ್ರ ಮಾಡಿ ಉಸಿರಿನ ಟ್ಯೂಬು ಕೂರಿಸುವುದು, ಮಾಡಬೇಕು, ಸಹಿ ಹಾಕಿ. ಕಾರವಾರದ ಕಡೆ ನನಗೆ ಆಗ ಎದುರಾಗುವ ಪ್ರಶ್ನೆಗಳು ಹೆಚ್ಚಾಗಿ ಎರಡೇ. "ಕುತ್ತಿಗೆ ಕೊಯ್ದ್ರೆ ಅವಳ ಸೊರ ಹೋಗೂದಿಲ್ವಾ ಡಾಕ್ಟ್ರೇ?" ಎಂಬುದು ಒಂದು. "ಇನ್ನು ನಾಕು ದಿನ ಕಾದ್ರೆ ಏನಾಗ್ತದೆ?" ಎಂಬುದು ಇನ್ನೊಂದು.

ಮೊದಲನೆಯದಕ್ಕೆ ಉತ್ತರ ಸುಲಭ. ರಂಧ್ರ ಮಾಡುವುದು ಧ್ವನಿಪೆಟ್ಟಿಗೆಯ ಕೆಳಗೆ, ಶ್ವಾಸನಾಳದ ಎರಡನೇ ಮತ್ತು ಮೂರನೇ ಉಂಗುರಗಳ ಆಸುಪಾಸಿನಲ್ಲಿ. ಸ್ವರತಂತುಗಳನ್ನು ಯಾರೂ ಮುಟ್ಟುವುದಿಲ್ಲ. ಗಾಳಿ ಅವುಗಳ ತನಕ ಹೋಗದ್ದರಿಂದ ಅಷ್ಟು ದಿನ ಸದ್ದು ಬರುವುದಿಲ್ಲ, ಅಷ್ಟೇ. ನಿಜ ಹೇಳಬೇಕೆಂದರೆ ಸ್ವರತಂತುಗಳ ನಡುವೆ ತೂರಿಕೊಂಡು ದಿನಗಟ್ಟಲೆ ಅವನ್ನು ತಿಕ್ಕುತ್ತಿರುವುದು ಬಾಯಿಯ ಟ್ಯೂಬು. ಎರಡನೇ ಪ್ರಶ್ನೆ ಮಾತ್ರ ನಿಜವಾಗಿಯೂ ಕಷ್ಟದ್ದು. ಅದಕ್ಕೆ ಉತ್ತರ ವೆಂಟಿಲೇಟರಿನ ದಿನಗಳನ್ನು ಎಣಿಸಿದರೆ ಸಿಗುವುದಿಲ್ಲ, ರೋಗಿಗೆ ಉಸಿರು ನಿಂತದ್ದು ಯಾವ ಕಾರಣಕ್ಕೆ ಎಂಬುದನ್ನು ನೋಡಿದರೆ ಸಿಗುತ್ತದೆ.

ಬೇಗ ಮಾಡಿದರೆ ಲಾಭವೇ?

ಬೇಗ ಮಾಡಿದರೆ ರೋಗಿ ಬದುಕುವ ಸಾಧ್ಯತೆ ಹೆಚ್ಚುತ್ತದೆ ಎಂಬ ನಂಬಿಕೆ ಬಹಳ ವರ್ಷ ಇತ್ತು. ಬ್ರಿಟನ್ನಿನ ಟ್ರ್ಯಾಕ್‌ಮ್ಯಾನ್ ಅಧ್ಯಯನ ಇದನ್ನೇ ಪರೀಕ್ಷಿಸಿತು, ಫಲಿತಾಂಶ 2013ರಲ್ಲಿ ಪ್ರಕಟವಾಯಿತು. 909 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಮೊದಲ 4 ದಿನದೊಳಗೆ ಟ್ರಕಿಯಾಸ್ಟಮಿ, ಉಳಿದವರಿಗೆ 10 ದಿನ ಕಳೆದ ಮೇಲೆ, ಅದೂ ಬೇಕೆನಿಸಿದರೆ ಮಾತ್ರ ಎಂದು ಚೀಟಿ ಎತ್ತಿದರು. ತಿಂಗಳ ಕೊನೆಗೆ ಎರಡೂ ಕಡೆ ಸಾವು ನೂರಕ್ಕೆ ಹೆಚ್ಚುಕಡಿಮೆ 31. ನನಗೆ ಅದಕ್ಕಿಂತ ಮುಖ್ಯ ಎನಿಸಿದ್ದು ಇನ್ನೊಂದು ಅಂಕಿ: ಕಾಯುವ ಗುಂಪಿನಲ್ಲಿ ಕೊನೆಗೆ ಕುತ್ತಿಗೆಗೆ ಟ್ಯೂಬು ಬೇಕಾದದ್ದು ನೂರರಲ್ಲಿ 45 ಮಂದಿಗೆ ಮಾತ್ರ. ಉಳಿದವರಲ್ಲಿ ಕೆಲವರು ಅಷ್ಟರಲ್ಲಿ ತೀರಿಕೊಂಡಿದ್ದರು, ಬಹಳಷ್ಟು ಮಂದಿಯ ಬಾಯಿಯ ಟ್ಯೂಬು ತೆಗೆಯುವ ಹೊತ್ತಿಗೆ ಬಂದಿತ್ತು. ಅಂದರೆ ನಾಲ್ಕನೇ ದಿನ "ಇವರಿಗೆ ಬಹಳ ದಿನ ಬೇಕಾಗುತ್ತದೆ" ಎಂದು ನಾವು ವೈದ್ಯರು ಹೇಳುವ ಭವಿಷ್ಯ ಅರ್ಧಕ್ಕರ್ಧ ಸುಳ್ಳಾಗುತ್ತದೆ.

ಹಾಗಾದರೆ ಟ್ರಕಿಯಾಸ್ಟಮಿಯಿಂದ ಸಿಗುವುದೇನು? ಗಂಟಲಲ್ಲಿ ಟ್ಯೂಬಿಲ್ಲದ ಕಾರಣ ನಿದ್ದೆಯ ಔಷಧ ಕಡಿಮೆ ಮಾಡಬಹುದು. ಬಾಯಿ ತೊಳೆಯಬಹುದು, ರೋಗಿಯನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ವೆಂಟಿಲೇಟರನ್ನು ಇವತ್ತು ಎರಡು ಗಂಟೆ ಬಿಡಿಸಿ, ಸುಸ್ತಾದರೆ ಮತ್ತೆ ಜೋಡಿಸಿ, ನಾಳೆ ಮೂರು ಗಂಟೆ ಬಿಡಿಸಬಹುದು. ಬಾಯಿಯ ಟ್ಯೂಬಿನಲ್ಲಿ ಈ ಆಟ ನಡೆಯದು. ಅಲ್ಲಿ ತೆಗೆದರೆ ತೆಗೆದ ಹಾಗೆ, ಸೋತರೆ ಮತ್ತೆ ಮೊದಲಿಂದ ಟ್ಯೂಬು ಹಾಕಬೇಕು.

ನಮ್ಮ ಜಿಲ್ಲೆಯ ರೋಗಿಗಳನ್ನು ಇಟ್ಟು ನೋಡಿದರೆ

ಕಟ್ಟುಹಾವು ಕಚ್ಚಿ ರೆಪ್ಪೆ ಜೋಲಿ ಉಸಿರು ಕಟ್ಟಿ ಬಂದವರು ಹೆಚ್ಚಾಗಿ ಕೆಲವೇ ದಿನಗಳಲ್ಲಿ ಚೇತರಿಸುತ್ತಾರೆ. ಇಲ್ಲಿ ಕಾಯುವುದೇ ಸರಿ. ಕೀಟನಾಶಕ ಕುಡಿದವರಲ್ಲಿ ಒಂದರಿಂದ ನಾಲ್ಕನೇ ದಿನದ ನಡುವೆ ಕುತ್ತಿಗೆ ಮತ್ತು ಉಸಿರಿನ ಸ್ನಾಯುಗಳು ಸೋಲುವುದುಂಟು. ಅದು ಒಂದರಿಂದ ಮೂರು ವಾರ ಎಳೆಯಬಹುದು. ನಾನು ಹತ್ತನೇ ದಿನದ ಹೊತ್ತಿಗೆ ತಲೆ ದಿಂಬಿನಿಂದ ಏಳುತ್ತದೆಯೇ ನೋಡುತ್ತೇನೆ. ಎದ್ದರೆ ಇನ್ನೂ ಕಾಯುತ್ತೇನೆ.

ಶಿರಸಿ, ಸಿದ್ದಾಪುರದ ಕಡೆಯಿಂದ ಬರುವವರ ಕತೆ ಬೇರೆ. ಮಳೆಗಾಲದಲ್ಲಿ ಕೊಳೆಗೆ ಮದ್ದು ಹೊಡೆಯಲು ಅಡಿಕೆ ಮರ ಹತ್ತಿ ಬಿದ್ದು ಕತ್ತಿನ ಬೆನ್ನುಹುರಿ ಪೂರ್ತಿ ಜಖಂ ಆಗಿದ್ದರೆ, ಅದೂ ಮೇಲ್ಭಾಗದಲ್ಲಿ, ವಪೆಗೆ ಹೋಗುವ ನರಗಳೇ ಕೆಲಸ ಮಾಡುವುದಿಲ್ಲ. ಇಲ್ಲಿ ಎರಡು ವಾರ ಕಾದು ನೋಡುವುದಕ್ಕೆ ಏನೂ ಉಳಿದಿರುವುದಿಲ್ಲ, ಮೊದಲ ವಾರದಲ್ಲೇ ನಿರ್ಧರಿಸುವುದು ಒಳ್ಳೆಯದು. ಕತ್ತಿನ ಮುಂಭಾಗದಿಂದ ಮೂಳೆಯ ಆಪರೇಷನ್ ಆಗಿದ್ದರೆ ಗಾಯಕ್ಕೆ ಕಫ ತಾಗದ ಹಾಗೆ ಸಮಯ ಹೊಂದಿಸಬೇಕು, ಅದನ್ನು ಸರ್ಜನ್ ಜೊತೆ ಕೂತು ಮಾತಾಡಿ.

ಪಾರ್ಶ್ವವಾಯು, ತಲೆಗೆ ಪೆಟ್ಟು ಬಿದ್ದವರಲ್ಲಿ ಪ್ರಶ್ನೆ ದಿನದ್ದಷ್ಟೇ ಅಲ್ಲ. ಚೇತರಿಕೆಯ ಆಸೆಯೇ ಇಲ್ಲದಾಗ ಟ್ರಕಿಯಾಸ್ಟಮಿ ಪ್ರಜ್ಞೆಯನ್ನು ತರುವುದಿಲ್ಲ, ಆ ಸ್ಥಿತಿಯನ್ನು ಉದ್ದ ಮಾಡುತ್ತದೆ. ಹುಬ್ಬಳ್ಳಿಗೋ ಮಣಿಪಾಲಕ್ಕೋ ಕರೆದೊಯ್ಯುವ ಗಡಿಬಿಡಿಯಲ್ಲಿ ಈ ಮಾತು ತಪ್ಪಿಹೋಗುತ್ತದೆ. ಸಹಿ ಹಾಕುವ ಮೊದಲು "ಇದಾದ ಮೇಲೆ ಆರು ತಿಂಗಳಿಗೆ ಇವರು ಹೇಗಿರಬಹುದು?" ಎಂದು ನೇರವಾಗಿ ಕೇಳಿ. ಕೇಳುವ ಹಕ್ಕು ನಿಮಗಿದೆ, ಹೇಳಬೇಕಾದ ಕೆಲಸ ನಮ್ಮದು.

ಒಂದು ಕೇಸು, ದಿನದಿಂದ ದಿನಕ್ಕೆ

ಗುರುತು ಸಿಗದಂತೆ ಎರಡು ಮೂರು ಕೇಸು ಬೆರೆಸಿ ಹೇಳುತ್ತೇನೆ. ಹೊನ್ನಾವರದ ಕಡೆಯ ಮೀನು ಮಾರುವ ಹೆಂಗಸು, ವಯಸ್ಸು 46, ತೂಕ 55 ಕಿಲೋ. ಭೇದಿಯಾಗಿ ಹತ್ತು ಹನ್ನೆರಡು ದಿನಕ್ಕೆ ಕಾಲು ಸೋತು, ಮತ್ತೆ ಕೈ ಸೋತು, ಆಮೇಲೆ ಉಗುಳು ನುಂಗಲಾಗದೆ ಬಂದರು. ದೇಹದ ರಕ್ಷಣಾ ವ್ಯವಸ್ಥೆಯೇ ನರಗಳ ಮೇಲೆ ತಿರುಗಿಬಿದ್ದು ಸ್ನಾಯು ಸೋಲಿಸುವ ಗೀಯನ್ ಬಾರೆ ಸಿಂಡ್ರೋಮ್, ನಾವು ಜಿಬಿಎಸ್ ಎನ್ನುತ್ತೇವೆ. ಒಂದೇ ಉಸಿರಿಗೆ ಹೊರಹಾಕುವ ಗಾಳಿ ಕಿಲೋಗೆ 20 ಮಿ.ಲೀ.ಗಿಂತ ಕೆಳಗಿಳಿದಾಗ, ಅಂದರೆ ಅವರ ಲೆಕ್ಕದಲ್ಲಿ 1,100 ಮಿ.ಲೀ. ಕೆಳಗೆ, ಟ್ಯೂಬು ಹಾಕಿದೆವು. ಇಮ್ಯುನೊಗ್ಲಾಬ್ಯುಲಿನ್ ದಿನಕ್ಕೆ 22 ಗ್ರಾಂನಂತೆ ಐದು ದಿನ ಹೋಯಿತು.

ಜಿಬಿಎಸ್‌ನಲ್ಲಿ ಮೊದಲ ಎರಡು ವಾರ ಕಾಯುವುದು ರೂಢಿ, ಯಾಕೆಂದರೆ ಕೆಲವರು ಔಷಧಿಗೆ ಚೆನ್ನಾಗಿ ತಿರುಗಿಕೊಳ್ಳುತ್ತಾರೆ. ಆದರೆ ಒಂದು ವಾರ ಕಳೆದರೂ ಇವರಿಗೆ ತೋಳನ್ನು ಹಾಸಿಗೆಯಿಂದ ಎತ್ತಲಾಗಲಿಲ್ಲ, ನರದ ಪರೀಕ್ಷೆಯಲ್ಲಿ ನರದ ಒಳತಂತುವೇ ಹಾಳಾದ ಲಕ್ಷಣ ಬಂತು. ಇವೆರಡೂ ಸೇರಿದರೆ ವೆಂಟಿಲೇಟರ್ ಬಹಳ ದಿನ ಬೇಕಾಗುವ ಸಂಭವ ಹೆಚ್ಚು. ಹತ್ತನೇ ದಿನ ಯಂತ್ರದ ನೆರವು ಇಳಿಸಿ ನೋಡಿದೆವು. ಹದಿನೈದು ನಿಮಿಷದಲ್ಲಿ ಉಸಿರು ನಿಮಿಷಕ್ಕೆ 38ಕ್ಕೆ ಏರಿತು, ಒಂದೊಂದು ಉಸಿರು 200 ಮಿ.ಲೀ. ಮಾತ್ರ. 38ನ್ನು 0.2 ಲೀಟರಿನಿಂದ ಭಾಗಿಸಿದರೆ 190 ಬರುತ್ತದೆ. ಈ ಅಂಕಿ 105 ದಾಟಿದರೆ ಯಂತ್ರ ಬಿಡಿಸುವುದು ಹೆಚ್ಚಾಗಿ ಸೋಲುತ್ತದೆ. ಹನ್ನೆರಡನೇ ದಿನ ಗಂಡ, ಮಗಳನ್ನು ಕೂರಿಸಿ ಮಾತಾಡಿದೆವು, ಹದಿಮೂರನೇ ದಿನ ಮಾಡಿದೆವು.

ಮಾಡಿದ್ದು ಹಾಸಿಗೆಯ ಪಕ್ಕದಲ್ಲೇ. ಸೂಜಿ ತೂರಿಸಿ, ತಂತಿ ಇಳಿಸಿ, ಆ ದಾರಿಯನ್ನು ನಿಧಾನಕ್ಕೆ ಹಿಗ್ಗಿಸಿ ಟ್ಯೂಬು ಕೂರಿಸುವ ವಿಧಾನ ಇದು. ಇದಕ್ಕೆ ಮತ್ತು ಆಪರೇಷನ್ ಥಿಯೇಟರಿನಲ್ಲಿ ಕೊಯ್ದು ಮಾಡುವುದಕ್ಕೆ ಇರುವ ವ್ಯತ್ಯಾಸವನ್ನು ಮನೆಯವರು ಕೇಳುತ್ತಾರೆ. ಹಾಸಿಗೆಯ ಪಕ್ಕದ್ದರಲ್ಲಿ ಗಾಯ ಕೀವು ತುಂಬುವುದು ಕಡಿಮೆ, ರೋಗಿಯನ್ನು ಲಿಫ್ಟು, ಓಣಿ ದಾಟಿಸುವ ಅಪಾಯವಿಲ್ಲ. ಆದರೆ ಮಕ್ಕಳಿಗೆ, ಕುತ್ತಿಗೆ ಗಿಡ್ಡ ಇದ್ದು ಗುರುತು ಸಿಗದವರಿಗೆ, ಕುತ್ತಿಗೆಯ ನಡುವೆ ರಕ್ತನಾಳ ಮಿಡಿಯುವವರಿಗೆ ಥಿಯೇಟರೇ ಬೇಕು. ಪ್ಲೇಟ್ಲೆಟ್ 50,000ದ ಕೆಳಗಿದ್ದರೆ ಅಥವಾ ಆಮ್ಲಜನಕ, ವೆಂಟಿಲೇಟರಿನ ಒತ್ತಡ ಎರಡೂ ಜಾಸ್ತಿ ಬೇಕಿದ್ದರೆ ತುರ್ತಿಲ್ಲದ ಈ ಕೆಲಸವನ್ನು ಮುಂದೂಡುವುದೇ ಜಾಣತನ. ಇವರಿಗೆ ಆಮ್ಲಜನಕ 40 ಶೇಕಡಾ ಸಾಕಾಗಿತ್ತು. ರಕ್ತ ಹೆಪ್ಪುಗಟ್ಟದಂತೆ ಕೊಡುತ್ತಿದ್ದ ಹೆಪಾರಿನ್ನನ್ನು ಹಿಂದಿನ ರಾತ್ರಿ ತಡೆದಿದ್ದೆವು.

ಏನು ಕೆಡುತ್ತದೆ, ಹೇಗೆ ಗೊತ್ತಾಗುತ್ತದೆ

ಮೊದಲ ದಿನ ಸ್ವಲ್ಪ ರಕ್ತ ಒಸರುವುದು ಸಾಮಾನ್ಯ. ಚರ್ಮದಡಿ ಗಾಳಿ ಸೇರಿ ಮುಟ್ಟಿದರೆ ಚರಚರ ಎಂದರೆ, ಎದೆಯ ಎಕ್ಸ್‌ರೇ ತೆಗೆಸಬೇಕು. ಇವಕ್ಕಿಂತ ನನಗೆ ಭಯ ಎರಡಕ್ಕೆ: ಟ್ಯೂಬು ಕಳಚುವುದು, ಟ್ಯೂಬು ಕಟ್ಟುವುದು.

ಕಳಚಿದ್ದು ಎಷ್ಟನೇ ದಿನ ಎಂಬುದರ ಮೇಲೆ ಮುಂದಿನ ಕೆಲಸ ನಿಲ್ಲುತ್ತದೆ. ಹಿಗ್ಗಿಸಿ ಮಾಡಿದ ದಾರಿ ಗಟ್ಟಿಯಾಗಲು ಏಳರಿಂದ ಹತ್ತು ದಿನ ಬೇಕು. ಅದಕ್ಕೂ ಮೊದಲು ಕಳಚಿದರೆ ಮಾಂಸ ಕೂಡಲೇ ಮುಚ್ಚಿಕೊಳ್ಳುತ್ತದೆ. ಕುರುಡಾಗಿ ಒತ್ತಿದರೆ ಟ್ಯೂಬು ಶ್ವಾಸನಾಳದ ಮುಂದೆ ಕೂತು, ನೋಡುವುದಕ್ಕೆ ಸರಿ ಇದ್ದಂತೆ ಕಾಣುತ್ತದೆ, ಗಾಳಿ ಮಾತ್ರ ಚರ್ಮದಡಿ ತುಂಬುತ್ತದೆ. ಆದ್ದರಿಂದ ಆ ದಿನಗಳಲ್ಲಿ ಕುತ್ತಿಗೆಯ ರಂಧ್ರವನ್ನು ಗಾಜ್ ಬಟ್ಟೆಯಿಂದ ಮುಚ್ಚಿ ಹಿಡಿದು ಬಾಯಿ ಮೂಗಿನ ಮೇಲೆ ಮಾಸ್ಕ್ ಇಟ್ಟು ಆಂಬು ಬ್ಯಾಗು ಒತ್ತಿ ಉಸಿರು ಕೊಡುವುದು, ಬಾಯಿಯಿಂದಲೇ ಮತ್ತೆ ಟ್ಯೂಬು ಹಾಕುವುದು ಸುರಕ್ಷಿತ. ವಾರಗಳು ಕಳೆದ ಹಳೆಯ ರಂಧ್ರವಾದರೆ ಅದೇ ಅಳತೆಯ, ಅದು ಹೋಗದಿದ್ದರೆ ಒಂದು ಅಳತೆ ಚಿಕ್ಕ ಟ್ಯೂಬು ಹಾಕಬಹುದು. ಈ ಎರಡೂ ಟ್ಯೂಬು ಹಾಸಿಗೆಯ ತಲೆಯ ಬಳಿಯೇ ಇರಬೇಕು. ಕಪಾಟಿನಲ್ಲಿ ಬೀಗ ಹಾಕಿಟ್ಟರೆ ಇಲ್ಲದ ಹಾಗೇ ಲೆಕ್ಕ.

ಕಟ್ಟುವುದು ಈ ಹೆಂಗಸಿಗೆ ಟ್ರಕಿಯಾಸ್ಟಮಿಯಾದ ಆರನೇ ದಿನ ಬೆಳಗಿನ ಜಾವ ಆಯಿತು. ಯಂತ್ರ ಒತ್ತಡ ಹೆಚ್ಚಾಯಿತೆಂದು ಕೂಗತೊಡಗಿತು. ಸಿಸ್ಟರ್ ಕಫ ಎಳೆಯುವ ಸಕ್ಷನ್ ನಳಿಗೆ ಇಳಿಸಿದರೆ ಐದಾರು ಸೆಂಟಿಮೀಟರಿಗೇ ತಡೆಯಿತು. ಹೀಗೆ ತಡೆದಾಗ ಬಲ ಹಾಕಬಾರದು, ಮೊದಲು ಟ್ಯೂಬಿನೊಳಗೆ ಬೇರೆಯಾಗಿ ಕೂರುವ ಒಳಕೊಳವೆ ತೆಗೆಯಬೇಕು. ಅವರು ತೆಗೆದರು, ತುದಿಯಲ್ಲಿ ಕಂದು ಬಣ್ಣದ ಒಣ ಕಫದ ಮುದ್ದೆ ಅಂಟಿತ್ತು. ಇನ್ನೊಂದು ಒಳಕೊಳವೆ ಹಾಕಿದ ಕೂಡಲೇ ಒತ್ತಡ ಇಳಿಯಿತು. ಕೆಲಸ ಅರ್ಧ ನಿಮಿಷದ್ದು. ಅದು ಒಂಟಿ ಕೊಳವೆಯ ಟ್ಯೂಬಾಗಿದ್ದರೆ ಟ್ಯೂಬಿನ ಸುತ್ತ ಶ್ವಾಸನಾಳದೊಳಗೆ ಉಬ್ಬಿರುವ ಬಲೂನಾದ ಕಫ್‌ನ ಗಾಳಿ ಇಳಿಸಿ, ಅದಕ್ಕೂ ಬಗ್ಗದಿದ್ದರೆ ಇಡೀ ಟ್ಯೂಬನ್ನೇ ತೆಗೆಯಬೇಕಿತ್ತು, ಅದೂ ದಾರಿ ಇನ್ನೂ ಗಟ್ಟಿಯಾಗದ ಆರನೇ ದಿನ. ಕಾರಣ ಹುಡುಕಿದರೆ ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರ್ ಡಬ್ಬಿಯ ನೀರು ರಾತ್ರಿಯೇ ಮುಗಿದಿತ್ತು.

ರಕ್ತದ ವಿಷಯದಲ್ಲಿ ಒಂದನ್ನು ನೆನಪಿಡಿ. ಮೊದಲ ಎರಡು ದಿನ ಕಳೆದು, ಮುಖ್ಯವಾಗಿ ಎರಡು ಮೂರನೇ ವಾರದಲ್ಲಿ, ಟ್ಯೂಬಿನಿಂದ ಕೆಂಪು ತಾಜಾ ರಕ್ತ ಸ್ವಲ್ಪ ಬಂದು ತಾನಾಗಿ ನಿಂತರೂ ಅದನ್ನು ಸಣ್ಣದೆನ್ನಬೇಡಿ. ಟ್ಯೂಬಿನ ತುದಿ ಅಥವಾ ಕಫ್ ಶ್ವಾಸನಾಳದ ಮುಂದಿರುವ ದೊಡ್ಡ ರಕ್ತನಾಳವನ್ನು ಕೊರೆಯುತ್ತಿರಬಹುದು. ಅಪರೂಪ, ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ, ಆದರೆ ಎರಡನೇ ಸಲ ಬಂದರೆ ಸಮಯ ಸಿಗುವುದಿಲ್ಲ. ಆ ಮೊದಲ ರಕ್ತಕ್ಕೇ ಸರ್ಜನ್‌ಗೆ ಫೋನ್ ಹೋಗಬೇಕು.

ದಿನದ ಆರೈಕೆ

ಕಾರವಾರದ ಗಾಳಿಯೇ ಹಸಿ, ಇನ್ನೇನು ತೇವ ಬೇಕು ಎಂದು ಮಗಳು ಕೇಳಿದ್ದಳು. ಒಳ್ಳೆಯ ಪ್ರಶ್ನೆ, ಲೆಕ್ಕ ಹಾಕಿಯೇ ಹೇಳಿದೆ. ಶ್ವಾಸಕೋಶಕ್ಕೆ ತಲಪುವ ಗಾಳಿ 37 ಡಿಗ್ರಿಯಲ್ಲಿ ಪೂರ್ತಿ ತೇವವಾಗಿರಬೇಕು, ಅಂದರೆ ಲೀಟರಿಗೆ 44 ಮಿಲಿಗ್ರಾಂ ನೀರು. ಜುಲೈ ಮಳೆಯಲ್ಲಿ, 28 ಡಿಗ್ರಿಯ ಪೂರ್ತಿ ಹಸಿ ಗಾಳಿಯಲ್ಲೂ ಇರುವುದು ಸುಮಾರು 27. ಘಟ್ಟದ ಮೇಲೆ ಚಳಿಗಾಲದ 20 ಡಿಗ್ರಿಯ ಬೆಳಗಿನಲ್ಲಿ ಹತ್ತಕ್ಕೆ ಇಳಿಯಬಹುದು. ಮೂಗು ತುಂಬಿಕೊಡುತ್ತಿದ್ದ ಆ ಬಾಕಿ ಈಗ ಕಫದ ನೀರಿನಿಂದ ಹೋಗುತ್ತದೆ, ಕಫ ಗಟ್ಟಿಯಾಗುತ್ತದೆ. ಅದಕ್ಕೇ ವೆಂಟಿಲೇಟರಿನಲ್ಲಿ ಬಿಸಿ ಹ್ಯುಮಿಡಿಫೈಯರ್, ಹೊರಬಂದ ಮೇಲೆ ಟ್ಯೂಬಿನ ತುದಿಗೆ ಹಾಕುವ ಚಿಕ್ಕ ಫಿಲ್ಟರು, ಅಂದರೆ ಕೃತಕ ಮೂಗು. ಎರಡರಲ್ಲಿ ಆಯ್ಕೆ ಕಫ ನೋಡಿ: ಕಫ ತೆಳ್ಳಗೆ, ಕಡಿಮೆ ಇದ್ದರೆ ಕೃತಕ ಮೂಗು ಸಾಕು, ದಿನಕ್ಕೊಮ್ಮೆ ಬದಲಿಸಿ. ದಪ್ಪವಾಗಿದ್ದರೆ ಅಥವಾ ರಕ್ತ ಬೆರೆತಿದ್ದರೆ ಬಿಸಿ ತೇವವೇ ಬೇಕು, ಫಿಲ್ಟರು ಕಫದಿಂದ ಕಟ್ಟಿಕೊಳ್ಳುತ್ತದೆ.

ಕಫ್‌ನ ಒತ್ತಡ 20ರಿಂದ 30 ಸೆಂ.ಮೀ. ನೀರಿನಷ್ಟು ಇರಬೇಕು. ಕಡಿಮೆಯಾದರೆ ಉಗುಳು ಕೆಳಗಿಳಿಯುತ್ತದೆ. ಹೆಚ್ಚಾದರೆ ಶ್ವಾಸನಾಳದ ಒಳಪೊರೆಗೆ ರಕ್ತ ಹರಿಯದೆ ಹುಣ್ಣಾಗಿ, ತಿಂಗಳುಗಳ ಮೇಲೆ ಅಲ್ಲಿ ಕುಗ್ಗುತ್ತದೆ. ಹೊರಗಿನ ಚಿಕ್ಕ ಬಲೂನನ್ನು ಬೆರಳಿನಿಂದ ಒತ್ತಿ "ಸರಿ ಇದೆ" ಎನ್ನುವ ಅಭ್ಯಾಸ ನಂಬಿಕೆಗೆ ಅರ್ಹವಲ್ಲ. ಮೀಟರಿನಿಂದ ಪ್ರತಿ ಪಾಳಿಯಲ್ಲೂ ನೋಡಬೇಕು.

ಸಕ್ಷನ್ ಗಡಿಯಾರ ನೋಡಿ ಮಾಡುವುದಲ್ಲ, ಕಫದ ಸದ್ದು ಕೇಳಿದಾಗ, ಒತ್ತಡ ಏರಿದಾಗ, ಆಮ್ಲಜನಕ ಇಳಿದಾಗ ಮಾಡುವುದು. ನಳಿಗೆಯ ಅಳತೆಗೆ ಒಂದು ಸುಲಭ ಲೆಕ್ಕ ಇದೆ: ಟ್ಯೂಬಿನ ಅಳತೆಯಿಂದ 2 ಕಳೆದು, ಎರಡರಿಂದ ಗುಣಿಸಿ. ಇವರದು 7.5ರ ಟ್ಯೂಬು, ಲೆಕ್ಕ 11 ಬಂತು, 10ರ ನಳಿಗೆ ತೆಗೆದುಕೊಂಡೆವು. ದಪ್ಪ ನಳಿಗೆ ಹಾಕಿದರೆ ಕಫದ ಜೊತೆ ಉಸಿರನ್ನೂ ಎಳೆಯುತ್ತದೆ. ಮೊದಲು ಆಮ್ಲಜನಕ ಏರಿಸಿ, ಟ್ಯೂಬಿನ ತುದಿ ದಾಟಿ ಅರ್ಧ, ಒಂದು ಸೆಂಟಿಮೀಟರಿಗಿಂತ ಮುಂದೆ ಹೋಗದೆ, ಹೊರಗೆಳೆಯುವಾಗ ಮಾತ್ರ ಎಳೆತ ಕೊಟ್ಟು, ಹತ್ತು ಹದಿನೈದು ಸೆಕೆಂಡಿನೊಳಗೆ ಮುಗಿಸಬೇಕು. ಜಿಬಿಎಸ್‌ನವರಲ್ಲಿ ನಾಡಿಯ ಹಿಡಿತವೇ ತಪ್ಪಿರುವುದುಂಟು, ಆಗ ಸಕ್ಷನ್ ಹೊತ್ತಿಗೆ ನಾಡಿ ದಿಢೀರ್ ಇಳಿಯಬಹುದು. ಇವರಿಗೆ 40ಕ್ಕೆ ಇಳಿದಿತ್ತು. ಮಾನಿಟರ್ ನೋಡುತ್ತಲೇ ಮಾಡಿ, ನಾಡಿ ಏರಿಸುವ ಅಟ್ರೊಪಿನ್ ಕೈಗೆ ಸಿಗುವಂತಿರಲಿ.

ಟ್ಯೂಬಿನ ಪಟ್ಟಿ ಬದಲಿಸುವಾಗ ಇಬ್ಬರು ಬೇಕೇ ಬೇಕು, ಒಬ್ಬರು ಟ್ಯೂಬು ಹಿಡಿದುಕೊಂಡೇ ಇರಬೇಕು. ಪಟ್ಟಿಯಡಿ ಒಂದು ಬೆರಳು ಸೇರುವಷ್ಟು ಸಡಿಲ ಸಾಕು. ರಂಧ್ರದ ಸುತ್ತ ಹತ್ತಿ ಬೇಡ, ಎಳೆಗಳು ಒಳಗೆ ಹೋಗುತ್ತವೆ.

ಮನೆಗೆ ಯಾವ ಟ್ಯೂಬು?

"ಪಕ್ಕದ ಮನೆ ಮಾವನಿಗೆ ಬೆಳ್ಳಿ ಟ್ಯೂಬು ಹಾಕಿ ಕಳಿಸಿದ್ರು, ಅಮ್ಮನಿಗೂ ಅದೇ ಆಗೂದಿಲ್ವಾ?" ಎಂದು ಮಗಳು ಕೇಳಿದಳು. ಗಂಟಲ ಕ್ಯಾನ್ಸರಿನವರಿಗೆ ಹಾಕುವ ಲೋಹದ ಟ್ಯೂಬು ಅದು. ಒಳಕೊಳವೆ ತೆಗೆದು ತೊಳೆಯಬಹುದು, ವರ್ಷಗಟ್ಟಲೆ ಬಾಳುತ್ತದೆ, ಖರ್ಚು ಕಡಿಮೆ. ಆದರೆ ಸಾಮಾನ್ಯವಾಗಿ ಅದಕ್ಕೆ ಕಫ್ ಇಲ್ಲ, ಆಂಬು ಬ್ಯಾಗಾಗಲಿ ವೆಂಟಿಲೇಟರಾಗಲಿ ನೇರ ಜೋಡುವುದಿಲ್ಲ. ಉಸಿರಿನ ಸ್ನಾಯು ಇನ್ನೂ ಪೂರ್ತಿ ಬಲ ಪಡೆಯದವರಿಗೆ ಅದು ಬೇಡ. ಒಳಕೊಳವೆಯಿಲ್ಲದ ಒಂಟಿ ಪ್ಲಾಸ್ಟಿಕ್ ಟ್ಯೂಬು ಅಗ್ಗವೇ, ಆದರೆ ಆ ಬೆಳಗಿನ ಜಾವ ಆದದ್ದು ಮನೆಯಲ್ಲಾದರೆ ಏನು ಮಾಡುತ್ತೀರಿ? ಮನೆಗೆ ಹೋಗುವವರಿಗೆ ಒಳಕೊಳವೆ ಇರುವ ಪ್ಲಾಸ್ಟಿಕ್ ಟ್ಯೂಬೇ ನನ್ನ ಆಯ್ಕೆ, ಸ್ವಲ್ಪ ಹೆಚ್ಚು ದುಡ್ಡು ಬಿದ್ದರೂ. ಒಳಕೊಳವೆ ಎರಡು ಇರಲಿ, ಒಂದು ಒಳಗೆ, ಒಂದು ತೊಳೆದು ಒಣಗಿಸಿದ್ದು. ನಾಲ್ಕರಿಂದ ಎಂಟು ಗಂಟೆಗೊಮ್ಮೆ ತೆಗೆದು ನೋಡಿ.

ಸಕ್ಷನ್ ಯಂತ್ರ ಕೊಳ್ಳುವಾಗ ಬ್ಯಾಟರಿ ಇರುವುದನ್ನೇ ಕೊಳ್ಳಿ. ಮಳೆಗಾಲದಲ್ಲಿ ತೋಟದ ಮನೆಯ ಲೈನ್ ಮೇಲೆ ಮರ ಬಿದ್ದರೆ ಕರೆಂಟು ಯಾವಾಗ ಬರುತ್ತದೆಂದು ಯಾರೂ ಹೇಳಲಾರರು. ಕಾಲಿನಲ್ಲಿ ತುಳಿಯುವ ಸಕ್ಷನ್ ಪಂಪು ಕೂಡ ಸಿಗುತ್ತದೆ, ಒಂದು ಇಟ್ಟುಕೊಂಡರೆ ನಿದ್ದೆ ಬರುತ್ತದೆ. ಟ್ಯೂಬಿದ್ದೂ ಮಾತಾಡಲು ಅದರ ತುದಿಗೆ ಹಾಕುವ ಮಾತಿನ ಕವಾಟ ಕೊಟ್ಟಿದ್ದರೆ ಒಂದು ಕಟ್ಟುನಿಟ್ಟು: ಕಫ್‌ನ ಗಾಳಿ ಪೂರ್ತಿ ಇಳಿಸಿದ ಮೇಲಷ್ಟೇ ಅದನ್ನು ಹಾಕಬೇಕು. ಕಫ್ ಉಬ್ಬಿದ್ದಾಗ ಹಾಕಿದರೆ ಉಸಿರು ಒಳಗೆ ಹೋಗುತ್ತದೆ, ಹೊರಬರಲು ದಾರಿಯೇ ಇರುವುದಿಲ್ಲ.

ಈ ಹೆಂಗಸಿಗೆ ಮನೆಯಲ್ಲಿ ಟ್ಯೂಬು ನೋಡಿಕೊಳ್ಳುವ ಪ್ರಸಂಗ ಬರಲಿಲ್ಲ. ಐದನೇ ವಾರ ವೆಂಟಿಲೇಟರ್ ಬಿಟ್ಟಿತು, ಕವಾಟ ಹಾಕಿದ ದಿನ ಗಂಡನಿಗೆ ಸಾಲ ವಸೂಲಿಯ ಲೆಕ್ಕ ಹೇಳಿದರು. ಕೆಮ್ಮಿ ಕಫ ಬಾಯಿಗೆ ತರುವ ಬಲ ಬಂದ ಮೇಲೆ, ಟ್ಯೂಬಿಗೆ ಮುಚ್ಚಳ ಹಾಕಿ ಒಂದು ಹಗಲು ಒಂದು ರಾತ್ರಿ ನೋಡಿ ತೆಗೆದೆವು. ರಂಧ್ರ ಒಂದೆರಡು ವಾರದಲ್ಲಿ ತಾನೇ ಮುಚ್ಚಿತು. ಇಂಥವರಿಗೆ ಬಿಡುಗಡೆ ಚೀಟಿಯಲ್ಲಿ ನಾನು ಒಂದು ಸಾಲು ಬರೆದು ಕೊಡುತ್ತೇನೆ: ಮುಂದಿನ ತಿಂಗಳುಗಳಲ್ಲಿ ಏರು ಹತ್ತುವಾಗ ಉಸಿರು ಸೀಟಿಯಂತೆ ಕೂಗಿದರೆ, ಊರಿನ ದವಾಖಾನೆಯಲ್ಲಿ ಅಸ್ತಮಾ ಎಂದು ಇನ್ಹೇಲರ್ ಕೊಡುವ ಮೊದಲು ಕುತ್ತಿಗೆಯ ಈ ಗುರುತು ತೋರಿಸಿ, ಇಎನ್‌ಟಿ ವೈದ್ಯರಿಂದ ಶ್ವಾಸನಾಳ ಕುಗ್ಗಿದೆಯೇ ಎಂದು ದುರ್ಬೀನಿನಲ್ಲಿ ನೋಡಿಸಿಕೊಳ್ಳಿ.